ಕೆಲಸ ಹೋದ ಮರುದಿನದ ಲೆಕ್ಕ

ಹೊಸೂರಿನ ಸಿಪ್ಕಾಟ್ ಪ್ರದೇಶದ ಕಾರ್ಖಾನೆಯೊಂದರಲ್ಲಿ 8 ವರ್ಷ ಲೇತ್ ಯಂತ್ರ ನಡೆಸಿದ ನಮ್ಮ ಹಳೆಯ ಶಿಷ್ಯನೊಬ್ಬನು ಒಂದು ಸಂಜೆ ಪತ್ನಿಯೊಡನೆ ನಮ್ಮ ಮನೆಗೆ ಬಂದನು. ಆಳು ಕಡಿಮೆ ಮಾಡುತ್ತಿರುವುದಾಗಿ ತಿಳಿಸಿ, ರಾಜೀನಾಮೆಯ ಕಾಗದಕ್ಕೆ ರುಜು ಕೇಳಿದ್ದರಂತೆ. "ಹಾಕಲೇ ಮೇಷ್ಟ್ರೇ?" ಎಂದನು.

ಬೇಡವೆಂದೆವು. ತಾನಾಗಿ ಬಿಟ್ಟವನಿಗೆ ಪರಿಹಾರವಿಲ್ಲ. ಆಡಳಿತದವರೇ ತೆಗೆದುಹಾಕಿದರೆ ಒಂದು ತಿಂಗಳ ನೋಟೀಸು ಅಥವಾ ಅದರ ಸಂಬಳ, ಜೊತೆಗೆ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಸಲ್ಲಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯ ಈ ನಿಯಮವನ್ನು 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯೂ ಉಳಿಸಿಕೊಂಡಿದೆ. ಗುತ್ತಿಗೆದಾರನ ಮೂಲಕ ದುಡಿಯುವವರ ಹಾದಿ ಇಷ್ಟು ಸರಳವಲ್ಲ. ಇವನು ಕಾಯಂ ನೌಕರ.

ಅವನ ಸಂಬಳ 20,800 ರೂಪಾಯಿ. ನೋಟೀಸಿನ ಸಂಬಳ ಅಷ್ಟೇ; ಪರಿಹಾರ 83,200; ಗ್ರಾಚುಟಿ 96,000. ಒಟ್ಟು ಎರಡು ಲಕ್ಷ. ಮೊತ್ತ ಕೇಳಿದೊಡನೆ ಅವನ ಮನಸ್ಸು ಹಳೆಯ ಟೆಂಪೋ ಒಂದರ ಕಡೆಗೆ ಓಡಿತು. ನಾವು ಗ್ರಾಚುಟಿಯನ್ನು ಬದಿಗಿರಿಸಿದೆವು. ಅದನ್ನು 30 ದಿನಗಳೊಳಗೆ ಕೊಡಬೇಕೆಂಬುದು ಕಾನೂನು. ಕೈಗೆ ಬರುವವರೆಗೆ ಅದು ಲೆಕ್ಕಕ್ಕಿಲ್ಲ. ಉಳಿದ 1,04,000ಕ್ಕೆ ಬ್ಯಾಂಕಿನ 36,000 ಸೇರಿ 1,40,000 ಆಯಿತು.

ಮನೆಖರ್ಚು ತಿಂಗಳಿಗೆ 18,000 ಎಂದನು. ಪತ್ನಿ ನಕ್ಕಳು. ಅತ್ತೆಯವರ ಮಾತ್ರೆ, ಗ್ಯಾಸು, ನೆಂಟರ ಮನೆಯ ಶುಭಕಾರ್ಯಗಳನ್ನು ಆಕೆ ಸೇರಿಸಿದಾಗ 21,000 ಮುಟ್ಟಿತು. (ಇಂಥ ಲೆಕ್ಕಕ್ಕೆ ಗಂಡಸರೊಬ್ಬರೇ ಕೂರಬಾರದು.) ಜೂನ್ ತಿಂಗಳ ಶಾಲಾ ಶುಲ್ಕಕ್ಕೆ 14,000 ತೆಗೆದಿಟ್ಟರೆ ಉಳಿದದ್ದು ಸರಿಯಾಗಿ ಆರು ತಿಂಗಳ ಅನ್ನ.

ಮೊದಲ ಮೂರು ತಿಂಗಳು ತನ್ನ ಕಸುಬಿನ ಕೆಲಸವನ್ನೇ ಹುಡುಕಬೇಕು. ಹೊಸೂರಿನಲ್ಲಿ, ಅತ್ತಿಬೆಲೆಯಲ್ಲಿ, ಬೊಮ್ಮಸಂದ್ರದಲ್ಲಿ. ಹಳೆಯ ಜೊತೆಗಾರರು ಎಲ್ಲೆಲ್ಲಿದ್ದಾರೋ ಅವರನ್ನು ಮೊದಲ ವಾರದಲ್ಲೇ ಕಾಣಬೇಕು. ನಾಲ್ಕನೆಯ ತಿಂಗಳು ಹುಟ್ಟಿದರೆ ಕಡಿಮೆ ಸಂಬಳಕ್ಕೂ ಒಪ್ಪಬೇಕು. "14,000ಕ್ಕೆ ಹೋಗಲೇ?" ಎಂದು ಅವನಿಗೆ ಮುಖಭಂಗವಾಯಿತು. ಆ ಹೊತ್ತಿಗೆ ಕೈಯಲ್ಲಿ 63,000 ಇರುತ್ತದೆ. ಸುಮ್ಮನೆ ಕುಳಿತರೆ ಅದು ಮೂರು ತಿಂಗಳು. 14,000 ಬರುತ್ತಿದ್ದರೆ ತಿಂಗಳ ಕೊರತೆ 7,000 ಮಾತ್ರ, ಅದೇ ಹಣ ಒಂಬತ್ತು ತಿಂಗಳು. ಒಳ್ಳೆಯ ಕೆಲಸ ಹುಡುಕಲು ಅಷ್ಟು ಕಾಲ ಸಿಕ್ಕಂತೆ.

ಭವಿಷ್ಯನಿಧಿಯನ್ನೂ ಬಿಡಿಸಿಕೊಳ್ಳುವ ಆತುರ ಅವನಿಗಿತ್ತು. ಪಿಂಚಣಿಗೆ 10 ವರ್ಷದ ಸೇವೆ ಬೇಕು, ಅವನದು 8. ಪಿಂಚಣಿಯ ಪಾಲನ್ನು ಈಗಲೇ ಹಿಂತೆಗೆದರೆ ಆ ಎಂಟು ವರ್ಷ ಅಳಿಸಿಹೋಗುತ್ತದೆ. ಮುಟ್ಟದೆ ಹೊಸ ಕೆಲಸಕ್ಕೆ ವರ್ಗಾಯಿಸಿಕೊಂಡರೆ ಎರಡೇ ವರ್ಷ ಸಾಕು.

ಲೆಕ್ಕದ ಹಾಳೆಯನ್ನು ಪತ್ನಿಯೇ ಮಡಿಸಿ ಇಟ್ಟುಕೊಂಡಳು. ಅವನು ರುಜು ಹಾಕಲಿಲ್ಲ. ಹತ್ತು ದಿನದ ಮೇಲೆ, ತೆಗೆದುಹಾಕಿದ ಆದೇಶ ಪರಿಹಾರದ ಚೆಕ್ಕಿನೊಡನೆ ಬಂದಿತು. ಟೆಂಪೋದ ಮಾತನ್ನು ಅವನು ಇನ್ನೂ ಬಿಟ್ಟಿಲ್ಲ.