ಪಗಾರದ ಚೀಟಿಯ ಕಡಿತದ ಕಾಲಂ



ಕಳೆದ ತಿಂಗಳ ಒಂದು ಸಂಜೆ ನಮ್ಮ ಘಣಸೋಲಿಯ ಕಟ್ಟಡದಲ್ಲೇ ಇರುವ ಕನ್ನಡದ ಹುಡುಗನೊಬ್ಬ ಮುಖ ಸಪ್ಪಗೆ ಮಾಡಿಕೊಂಡು ಮನೆಗೆ ಬಂದ. "ಆಂಟಿ, ಇದು ಸರಿಯಾ ನೋಡಿ" ಎಂದು ಪಗಾರದ ಚೀಟಿಯನ್ನು ನನ್ನ ಕೈಗಿತ್ತ. ಅವನಿಗೆ ಒಂದು ಗೋದಾಮಿನಲ್ಲಿ ಕೆಲಸ. ಪಗಾರ 18,000 ರೂಪಾಯಿ, ಕೈಗೆ ಬಂದದ್ದು 3,165. ತಂಗಿಯ ಕಾಲೇಜು ಫೀಸಿಗೆಂದು ಆ ತಿಂಗಳು ಅವನು ಕೊಡಬೇಕಾಗಿದ್ದುದೇ 6,000.

ಚೀಟಿಯಲ್ಲಿ ನಾಲ್ಕು ಕಡಿತಗಳಿದ್ದವು. ಪಿ.ಎಫ್., ಇ.ಎಸ್.ಐ. ಮತ್ತು ವೃತ್ತಿ ತೆರಿಗೆ ಸೇರಿ 2,135. ಮೂರು ದಿನ ತಡವಾಗಿ ಬಂದದ್ದಕ್ಕೆ ದಂಡ 1,200. ಒಡೆದುಹೋದ ಸ್ಕ್ಯಾನರಿನ ಬೆಲೆ 6,500. ಮೊದಲೇ ಪಡೆದಿದ್ದ ಮುಂಗಡ 5,000.

ಇದು ಹೊಸ ಜಗಳವೇನೂ ಅಲ್ಲ. ಹಿಂದೆ ಮುಂಬಯಿಯ ಗಿರಣಿಗಳಲ್ಲಿ ಕೆಟ್ಟ ಬಟ್ಟೆಯನ್ನು ನೇಕಾರನ ತಲೆಗೇ ಕಟ್ಟಿ, ಅದರ ಬೆಲೆಯನ್ನು ಪಗಾರದಿಂದ ಮುರಿದುಕೊಳ್ಳುತ್ತಿದ್ದರು. ಇಂಥ ಕಡಿತಗಳಿಗೆ ಮಿತಿ ಹಾಕಲೆಂದೇ 1936ರಲ್ಲಿ ವೇತನ ಪಾವತಿ ಕಾಯ್ದೆ ಬಂತು. 2025ರ ನವೆಂಬರ್ 21ರಿಂದ ಅದರ ಜಾಗದಲ್ಲಿ 2019ರ ವೇತನ ಸಂಹಿತೆ ಜಾರಿಯಲ್ಲಿದೆ. ಹಳೆಯ ಕಾಯ್ದೆ ಒಂದು ಮಿತಿಗಿಂತ ಕಡಿಮೆ ಪಗಾರದವರಿಗೆ ಮಾತ್ರ ಇತ್ತು. ಹೊಸದರಲ್ಲಿ ಆ ಮಿತಿ ಇಲ್ಲ.

ನಾನೂ ಅವನೂ ಕಾಗದ ಪೆನ್ಸಿಲು ಹಿಡಿದು ಕುಳಿತೆವು. ಮೊದಲು ದಂಡ. ತಡವಾದ ಹೊತ್ತಿನಷ್ಟು ಪಗಾರವನ್ನು ಮಾಲಕರು ಹಿಡಿಯಬಹುದು, ಅದು ಬೇರೆ. ಅದರ ಮೇಲೆ ಹಾಕುವುದು ದಂಡ. ಒಂದು ತಿಂಗಳಲ್ಲಿ ದಂಡ ಪಗಾರದ ಶೇಕಡಾ 3ನ್ನು ಮೀರುವಂತಿಲ್ಲ. 18,000ಕ್ಕೆ ಅದು 540 ಮಾತ್ರ. ಅದಕ್ಕೂ ಯಾವ ತಪ್ಪಿಗೆ ದಂಡವೆಂಬ ಪಟ್ಟಿಗೆ ಸರಕಾರದ ಒಪ್ಪಿಗೆ ಪಡೆದು, ಕೆಲಸದ ಜಾಗದಲ್ಲಿ ತೂಗುಹಾಕಿರಬೇಕು. ಹುಡುಗನ ಮಾತನ್ನೂ ಕೇಳಿರಬೇಕು. ಹಾಕಿದ ದಂಡವನ್ನು ಕಂತಿನಲ್ಲಿ ವಸೂಲು ಮಾಡುವಂತಿಲ್ಲ, 90 ದಿನ ಕಳೆದ ಮೇಲೂ ಮಾಡುವಂತಿಲ್ಲ. ಆ ಹಣ ಮಾಲಕರ ಜೇಬಿಗೂ ಹೋಗಬಾರದು, ಕೆಲಸಗಾರರ ಹಿತಕ್ಕೇ ಖರ್ಚಾಗಬೇಕು.

ಆಮೇಲೆ ಸ್ಕ್ಯಾನರು. "ಅದು ನಿನ್ನ ಸುಪರ್ದಿಯಲ್ಲಿತ್ತೇ?" ಎಂದು ಕೇಳಿದೆ. "ಇಲ್ಲ ಆಂಟಿ, ಮೂರು ಪಾಳಿಯವರೂ ಅದನ್ನೇ ಬಳಸುವುದು. ಯಾರ ಕೈಯಲ್ಲಿ ಬಿತ್ತೋ ಗೊತ್ತಿಲ್ಲ" ಎಂದ. ಹಾಗಾದರೆ ಅದನ್ನು ಅವನಿಂದ ವಸೂಲು ಮಾಡಲು ಬರುವುದಿಲ್ಲ. ವಸ್ತುವನ್ನು ಸ್ಪಷ್ಟವಾಗಿ ಅವನಿಗೇ ಒಪ್ಪಿಸಿರಬೇಕು, ನಷ್ಟ ನೇರವಾಗಿ ಅವನ ಅಲಕ್ಷ್ಯದಿಂದಲೇ ಆಗಿರಬೇಕು, ಅವನ ಸಮಜಾಯಿಷಿ ಕೇಳಿರಬೇಕು. ಇಷ್ಟೆಲ್ಲ ಇದ್ದರೂ ನಿಜವಾದ ನಷ್ಟಕ್ಕಿಂತ ಒಂದು ರೂಪಾಯಿ ಹೆಚ್ಚು ಹಿಡಿಯುವಂತಿಲ್ಲ.

ಮುಂಗಡ ಅವನು ಪಡೆದದ್ದು ನಿಜ, ಹಿಡಿದದ್ದೂ ನ್ಯಾಯವೇ. ಆದರೆ ಎಲ್ಲ ಕಡಿತಗಳೂ ಸೇರಿ ಪಗಾರದ ಅರ್ಧವನ್ನು ದಾಟಬಾರದು. ಇಲ್ಲಿ ಅದು 9,000. ನಮ್ಮ ಲೆಕ್ಕದಲ್ಲಿ 2,135, 540 ಮತ್ತು 5,000 ಕೂಡಿ 7,675 ಆಯಿತು. ಕೈಗೆ ಬರಬೇಕಾದದ್ದು 10,325. ಒಂದು ವೇಳೆ ಸ್ಕ್ಯಾನರಿನ ತಪ್ಪು ಅವನದೇ ಆಗಿದ್ದರೂ ಆ ತಿಂಗಳು ಅದರ ಬಾಬ್ತು 1,325ಕ್ಕಿಂತ ಹೆಚ್ಚು ಮುರಿಯುವಂತಿರಲಿಲ್ಲ.

ನಿಮ್ಮಲ್ಲಿ ಕೆಲವರು ತಂದೆಯವರ ಹೋಟೆಲಿನ ಗಲ್ಲೆಯಲ್ಲಿ ಕುಳಿತುಕೊಳ್ಳುವವರು. ಈ ಮಾತು ನಿಮಗೂ ಸೇರಿದ್ದು. ಒದ್ದೆ ನೆಲದಲ್ಲಿ ಜಾರಿ ಹುಡುಗನ ಕೈಯಿಂದ ಗ್ಲಾಸು ಬಿದ್ದರೆ ಅದು ಅಲಕ್ಷ್ಯವಲ್ಲ. ಊರಿನಿಂದ ಹುಡುಗನನ್ನು ಕರೆಸುವಾಗ ಕೈಗೆ ಕೊಟ್ಟ ಮುಂಗಡವನ್ನು ಮೊದಲ ಪೂರ್ತಿ ತಿಂಗಳ ಪಗಾರದಿಂದ ಹಿಡಿಯಬಹುದು. ಆದರೆ ಬಸ್ಸಿನ ಖರ್ಚಿಗೆಂದು ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವಂತಿಲ್ಲ.

ನಮ್ಮ ಹುಡುಗ ಈ ಲೆಕ್ಕವನ್ನೇ ಕಾಗದದಲ್ಲಿ ಬರೆದು ಮ್ಯಾನೇಜರಿಗೆ ಕೊಟ್ಟು, ಪ್ರತಿಯ ಮೇಲೆ ಸಹಿ ಹಾಕಿಸಿಕೊಂಡ. ಹತ್ತು ದಿನಗಳಲ್ಲಿ ಸ್ಕ್ಯಾನರಿನ 6,500 ಹಿಂದೆ ಬಂತು. ಹೆಚ್ಚುವರಿ ದಂಡದ 660 ಇನ್ನೂ ಬಂದಿಲ್ಲ. ಅದಕ್ಕಾಗಿ ಕಾರ್ಮಿಕ ಇಲಾಖೆಗೆ ಅರ್ಜಿ ಬರೆಯುತ್ತಿದ್ದಾನೆ. ಇದಕ್ಕೆ 3 ವರ್ಷಗಳ ಅವಧಿಯಿದೆ. ಹಣ ಸರಿಯಾಗಿ ಸಂದಿದೆ ಎಂದು ತೋರಿಸುವ ಭಾರ ಮಾಲಕರದು. ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ಅಲ್ಲಿನ ಅಧಿಕಾರಿಗಿದೆ.

"ಬರೇ 660ಕ್ಕೆ ಇಷ್ಟು ಓಡಾಟವೇ?" ಎಂದು ಅವನ ತಾಯಿ ಕೇಳಿದರು. "ಅಮ್ಮಾ, ನಮ್ಮ ಪಾಳಿಯಲ್ಲಿ ನಲವತ್ತು ಜನ ಇದ್ದೇವೆ" ಎಂದ ಅವನು. ಈ ತಿಂಗಳ ಪಗಾರ ಬಂದಾಗ ನೀವೂ ಚೀಟಿ ಕೇಳಿ ಪಡೆಯಿರಿ, ಕಡಿತದ ಕಾಲಂ ಓದಿ, ಆಮೇಲೆ ಮಡಚಿಡಿ.