ಕೇರಳದ ಮರಣ ದರ ಏರಿದರೆ ಗಾಬರಿ ಏಕೆ?

ಕೇರಳದ ಆರೋಗ್ಯ ಮಾದರಿ ಬರೀ ಪ್ರಚಾರ ಎನ್ನುವ ಅಂಕಣಕಾರರಿಗೆ ಒಂದು ಅಂಕಿ ಬಲು ಪ್ರಿಯ. 2019ರ ಮಾದರಿ ನೋಂದಣಿ ವ್ಯವಸ್ಥೆಯ (ಎಸ್‌ಆರ್‌ಎಸ್) ಪ್ರಕಾರ ಕೇರಳದಲ್ಲಿ ಸಾವಿರ ಜನರಿಗೆ ವರ್ಷಕ್ಕೆ 7.1 ಸಾವು, ಬಿಹಾರದಲ್ಲಿ 5.5. ಅಷ್ಟೇ ಅಲ್ಲ, 1990ರ ದಶಕದ ಆರಂಭದಲ್ಲಿ ಕೇರಳದ ದರ 6ರ ಆಸುಪಾಸಿನಲ್ಲಿತ್ತು. ಅಂದರೆ ಗೆರೆ ಮೇಲಕ್ಕೆ ಹೋಗಿದೆ. ಅಂಕಿಗಳು ಸರಿಯಾಗಿವೆ. ಅವುಗಳಿಂದ ತೆಗೆದ ತೀರ್ಮಾನ ಮಾತ್ರ ಶುದ್ಧ ತಪ್ಪು.

ಇವರು ಯಾರೂ ನೋಡದ ಅಂಕಿ ಬೇರೆಯೇ ಇದೆ. 2021ರ ಅಂದಾಜಿನಂತೆ ಕೇರಳದಲ್ಲಿ 60 ದಾಟಿದವರು ಶೇ 16.5, ಬಿಹಾರದಲ್ಲಿ ಶೇ 7.7. ಮುದುಕರು ಹೆಚ್ಚಿರುವ ಊರಿನಲ್ಲಿ ಸಾವೂ ಹೆಚ್ಚು. ಇದಕ್ಕೆ ಆಸ್ಪತ್ರೆಗಳನ್ನು ದೂರಿ ಏನು ಪ್ರಯೋಜನ?

ಲೆಕ್ಕ ಹಾಕಿಯೇ ನೋಡೋಣ. ಇಲ್ಲಿನ ವಯಸ್ಸುವಾರು ದರಗಳು ವಿವರಣೆಗೆಂದು ನಾನೇ ಇಟ್ಟುಕೊಂಡವು. ಕೇರಳದಲ್ಲಿ 60 ದಾಟಿದವರಲ್ಲಿ ಸಾವಿರಕ್ಕೆ 30, ಉಳಿದವರಲ್ಲಿ 2.5 ಸಾವು ಎಂದುಕೊಳ್ಳಿ. ಬಿಹಾರದಲ್ಲಿ ಕ್ರಮವಾಗಿ 36 ಮತ್ತು 3. ಎರಡು ಗುಂಪಿನಲ್ಲೂ ಬಿಹಾರದವರಿಗೇ ಅಪಾಯ ಹೆಚ್ಚು. ಈಗ ಕೂಡಿಸಿ: ಕೇರಳದ ಸಾವಿರ ಜನರಲ್ಲಿ 165 ಹಿರಿಯರಿಂದ ಸುಮಾರು 5, ಉಳಿದ 835 ಮಂದಿಯಿಂದ 2, ಒಟ್ಟು 7. ಬಿಹಾರದ 77 ಹಿರಿಯರಿಂದ 2.8, ಉಳಿದವರಿಂದ 2.8, ಒಟ್ಟು 5.5ರ ಹತ್ತಿರ. ಎರಡೂ ಗುಂಪಿನಲ್ಲಿ ಗೆದ್ದ ರಾಜ್ಯ ಮೊತ್ತದಲ್ಲಿ ಸೋತಿತು! ಸಂಖ್ಯಾಶಾಸ್ತ್ರಜ್ಞರು ಇದನ್ನು ಸಿಂಪ್ಸನ್ ವಿರೋಧಾಭಾಸ ಎನ್ನುತ್ತಾರೆ. ಕೇರಳದ ದರಗಳನ್ನು ಬಿಹಾರದ ವಯೋಹಂಚಿಕೆಗೆ ಹೊಂದಿಸಿದರೆ ಮೊತ್ತ 4.6ಕ್ಕೆ ಇಳಿಯುತ್ತದೆ. ಜನಸಂಖ್ಯಾ ತಜ್ಞರು ಪ್ರತಿದಿನ ಮಾಡುವ ಕೆಲಸವಿದು.

ವಾಸ್ತವದ ಅಂಕಿಗಳೂ ಇದೇ ದಿಕ್ಕಿನಲ್ಲಿವೆ. ಅದೇ 2019ರಲ್ಲಿ ಸಾವಿರ ಜನನಕ್ಕೆ ಶಿಶು ಮರಣ ಕೇರಳದಲ್ಲಿ 6, ಬಿಹಾರದಲ್ಲಿ 29. ಜೀವಿತಾವಧಿ ಕೇರಳದಲ್ಲಿ 75ರ ಹತ್ತಿರ, ಬಿಹಾರದಲ್ಲಿ 69ರ ಹತ್ತಿರ. ಕೇರಳದ ಗೆರೆ ಏರಿದ್ದರ ಮುಖ್ಯ ಕಾರಣ, ಹುಟ್ಟುವವರು ಕಡಿಮೆಯಾಗಿ ಹಿರಿಯರ ಪಾಲು ಬೆಳೆದದ್ದು.

ಹಾಗೆಂದು ಸಿಕ್ಕಂತೆ ಗುಂಪು ಮಾಡಿದರೂ ಆಗದು. ವಯಸ್ಸು ಚಿಕಿತ್ಸೆಯ ಫಲವಲ್ಲ, ಅದಕ್ಕೆ ಮೊದಲೇ ಇರುವುದು. ಆದ್ದರಿಂದ ಅದರ ಪ್ರಕಾರ ವಿಂಗಡಿಸುವುದು ನ್ಯಾಯ. ಆದರೆ ಎರಡು ರಕ್ತದೊತ್ತಡದ ಮಾತ್ರೆಗಳನ್ನು ಹೋಲಿಸುವಾಗ, ಮಾತ್ರೆ ನುಂಗಿದ ನಂತರದ ಒತ್ತಡದ ಮೇಲೆ ರೋಗಿಗಳನ್ನು ವಿಂಗಡಿಸಿದರೆ ಮಾತ್ರೆಯ ಗುಣವನ್ನೇ ಅಳಿಸಿಹಾಕಿದಂತೆ.

ಕರ್ನಾಟಕದ ದರ 2019ರಲ್ಲಿ 6.2. ನಮ್ಮಲ್ಲೂ ಹಿರಿಯರ ಪಾಲು ಏರುತ್ತಿದೆ. ಆರೋಗ್ಯ ಸುಧಾರಿಸುತ್ತಿದ್ದರೂ ಈ ಅಂಕಿ ಮೇಲೇರಬಹುದು. ಆಗ ಸಚಿವರನ್ನು ತರಾಟೆಗೆ ತೆಗೆದುಕೊಳ್ಳಲು ಹೊರಡುವವರು ಎಸ್‌ಆರ್‌ಎಸ್‌ನ ತೆಳುವಾದ ಬುಲೆಟಿನ್ ಬದಿಗಿಟ್ಟು ಅದರ ವಾರ್ಷಿಕ ಸಂಖ್ಯಾ ವರದಿ ತೆರೆಯಲಿ. ವಯಸ್ಸುವಾರು ಮರಣ ದರದ ಕೋಷ್ಟಕ ಅಲ್ಲಿದೆ.