ಜನನ ಪ್ರಮಾಣಪತ್ರದ ಅನುವಾದ: ದೃಢೀಕರಣ ಯಾವಾಗ?

ಚಂದಕವಾಡಿ ಹೋಬಳಿಯ ಹಳ್ಳಿಗಳಲ್ಲಿ ಹುಟ್ಟಿ ಈಗ ಅಮೆರಿಕದ ವಲಸೆ ಇಲಾಖೆಗೆ ಅರ್ಜಿ ಹಾಕುವವರು ಮೊದಲು ತಮ್ಮ ಜನನ ಪ್ರಮಾಣಪತ್ರ ಯಾವ ಭಾಷೆಯಲ್ಲಿದೆ ಎಂಬುದನ್ನು ಗಮನಿಸಬೇಕು. ಇ-ಜನ್ಮ ತಂತ್ರಾಂಶದಿಂದ ಪಡೆದ ಪತ್ರದಲ್ಲಿ ಎಲ್ಲ ವಿವರಗಳೂ ಇಂಗ್ಲಿಷಿನಲ್ಲಿ ತುಂಬಿದ್ದರೆ ಅನುವಾದದ ಅಗತ್ಯವೇ ಬೀಳುವುದಿಲ್ಲ. ತೊಡಕು ಬರುವುದು ಕನ್ನಡದಲ್ಲಿ ಮಾತ್ರ ಬರೆದ ಹಳೆಯ ಕೈಬರಹದ ಪತ್ರಗಳಲ್ಲಿ. ಇವುಗಳಿಗೆ ಬೇಕಾದ ದೃಢೀಕೃತ ಅನುವಾದವೆಂದರೆ, ಅನುವಾದ ಪೂರ್ಣವೂ ನಿಖರವೂ ಆಗಿದೆ ಮತ್ತು ಎರಡೂ ಭಾಷೆಗಳನ್ನು ಬಲ್ಲ ತನಗೆ ಅನುವಾದಿಸುವ ಸಾಮರ್ಥ್ಯವಿದೆ ಎಂದು ಅನುವಾದಕರು ಸಹಿ ಮಾಡಿ ಕೊಡುವ ಹೇಳಿಕೆಯನ್ನು ಒಳಗೊಂಡ ಅನುವಾದ. ನೋಟರಿಯ ಮೊಹರನ್ನು ಅಮೆರಿಕದ ಈ ನಿಯಮ ಕೇಳುವುದಿಲ್ಲ. ಜರ್ಮನಿಯ ಕಚೇರಿಗಳಾದರೋ ಸಾಮಾನ್ಯವಾಗಿ ನ್ಯಾಯಾಲಯದಲ್ಲಿ ಪ್ರಮಾಣ ಮಾಡಿದ ಅನುವಾದಕರನ್ನೇ ಬಯಸುತ್ತವೆ.

ಪೂರ್ಣ ಎಂಬ ಮಾತಿನಲ್ಲಿ ಮೊಹರಿನ ಅಕ್ಷರಗಳು, ಅಂಚಿನ ಷರಾ, ಖಾಲಿ ಕಲಂ ಎಲ್ಲವೂ ಸೇರುತ್ತವೆ. ಹೆಸರಿಡುವ ಮೊದಲೇ ಜನನ ನೋಂದಾಯಿಸಿದ್ದರೆ ಹಳೆಯ ಪತ್ರದಲ್ಲಿ ‘ಗಂಡು’ ಎಂದೂ ತಂದೆಯ ಹೆಸರೂ ಇದ್ದು ಮಗುವಿನ ಹೆಸರಿನ ಕಲಂ ಖಾಲಿ ಉಳಿದಿರುತ್ತದೆ. ಪಾಸ್‌ಪೋರ್ಟ್ ನೋಡಿ ಅದನ್ನು ತುಂಬುವ ಅಥವಾ ತಂದೆಯ ಇನಿಷಿಯಲನ್ನು ಬಿಡಿಸಿ ಬರೆಯುವ ಅನುವಾದಕ ಉಪಕಾರ ಮಾಡುತ್ತಿಲ್ಲ, ಮೂಲಕ್ಕೆ ಹೊಂದದ ದಾಖಲೆಯೊಂದನ್ನು ಸೃಷ್ಟಿಸುತ್ತಿದ್ದಾನೆ. ಖಾಲಿ ಇದ್ದುದನ್ನು ಖಾಲಿ ಎಂದೇ ಬರೆಯಬೇಕು. ಹೆಸರು ಸೇರಿಸುವ ಅಧಿಕಾರ 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ನೋಂದಣಾಧಿಕಾರಿಗೆ ಸೇರಿದ್ದು, ಆ ಕೆಲಸ ಅನುವಾದಕ್ಕೆ ಮೊದಲೇ ಮುಗಿಯಬೇಕು. ವಿದೇಶಾಂಗ ಸಚಿವಾಲಯ ಅಂಟಿಸುವ ಅಪೋಸ್ಟಿಲ್ ಕೂಡ ಸಹಿ, ಮೊಹರುಗಳ ಅಸಲಿತನವನ್ನಷ್ಟೇ ಖಾತರಿಪಡಿಸುತ್ತದೆಯೇ ಹೊರತು ಅನುವಾದದ ಬದಲಿಗೆ ಸಲ್ಲುವುದಿಲ್ಲ.